ವಾಚ್ ಕೆಟ್ಟಿಲ್ಲ ಸ್ವಾಮಿ, ಫೋನ್ ಕೊಲ್ತಾ ಇದೆ!

ಮೊನ್ನೆ ಅಪ್ಪ ಫಿಟ್‌ನೆಸ್ ಬ್ಯಾಂಡ್ ಬಿಚ್ಚಿಟ್ಟು, "ದಂಡ ಕಣೋ ಇದು, ಫೋನ್ ಬಂದ್ರೆ ಅಲುಗೋದೇ ಇಲ್ಲ" ಅಂದರು. ಮೂರು ಸಲ ಅನ್‌ಪೇರ್ ಮಾಡಿ ಮತ್ತೆ ಜೋಡಿಸಿದ್ದರಂತೆ. ಪ್ರತಿ ಸಲವೂ ಅರ್ಧ ಗಂಟೆ ಸರಿ, ಆಮೇಲೆ ಮೌನ.

ನಾನು ಫೋನಿನಲ್ಲಿ ಬ್ಯಾಂಡಿನ ಆಪ್ ತೆರೆದೆ, ಅಷ್ಟೆ. ತಕ್ಷಣ ಕನೆಕ್ಟ್ ಆಯಿತು! ಇದೇ ಗುರುತು. ಆಪ್ ತೆರೆದ ಕೂಡಲೇ ಸಂಪರ್ಕ ಬಂದರೆ ತಪ್ಪು ಬ್ಯಾಂಡಿನದಲ್ಲ, ಪೇರಿಂಗಿನದೂ ಅಲ್ಲ. ಕರೆ, ಮೆಸೇಜುಗಳನ್ನು ಬ್ಯಾಂಡಿಗೆ ದಾಟಿಸುವ ಆಪನ್ನು ಬ್ಯಾಟರಿ ಉಳಿಸುವ ನೆಪದಲ್ಲಿ ಫೋನೇ ಮುಗಿಸಿರುತ್ತದೆ.

2015ರ ಆಂಡ್ರಾಯ್ಡ್ 6ರಲ್ಲಿ ಬಂದ 'ಡೋಜ್' ಸುಮ್ಮನೆ ಬಿದ್ದಿರುವ ಫೋನಿನಲ್ಲಿ ಆಪ್‌ಗಳನ್ನು ಮಲಗಿಸುತ್ತದೆ, ಅದಕ್ಕೊಂದು ನಿಯಮವಿದೆ. ಕೆಲವು ಫೋನ್ ಕಂಪನಿಗಳು ಅದರ ಮೇಲೆ ತಮ್ಮದೇ ಕತ್ತರಿ ಆಡಿಸುತ್ತವೆ. ಬ್ಯಾಟರಿ ಹೆಚ್ಚು ಬಾಳುತ್ತೆ ಅನ್ನೋ ಹೆಗ್ಗಳಿಕೆ ಅವರಿಗೆ, ಬೈಗುಳ ಬ್ಯಾಂಡಿಗೆ!

ಮಾಡಬೇಕಾದ್ದು ಇಷ್ಟು. ಸೆಟ್ಟಿಂಗ್ಸಿನಲ್ಲಿ ಆ ಆಪ್‌ನ ಬ್ಯಾಟರಿ ಆಯ್ಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. 'ಆಟೋಸ್ಟಾರ್ಟ್' ಇದ್ದರೆ ಆನ್ ಮಾಡಿ. ರೀಸೆಂಟ್ಸ್ ಪಟ್ಟಿಯಿಂದ ಆಪನ್ನು ತಳ್ಳಿಹಾಕಬೇಡಿ. ಕೆಲವು ಫೋನುಗಳಲ್ಲಿ ಹಾಗೆ ತಳ್ಳಿದರೆ ಪೂರ್ತಿ ನಿಂತೇಹೋಗುತ್ತದೆ. ಫೋನ್ ಅಪ್‌ಡೇಟ್ ಆದಮೇಲೆ ಇದನ್ನೆಲ್ಲ ಇನ್ನೊಮ್ಮೆ ನೋಡಿ.

ಅಪ್ಪನ ಬ್ಯಾಂಡ್ ಈಗ ಅಲುಗುತ್ತಿದೆ. ಆದರೆ ಎಪ್ಪತ್ತರ ಮನುಷ್ಯ ಇಷ್ಟೆಲ್ಲ ಹುಡುಕಬೇಕೇ? "ಈ ಆಪ್ ನಿಲ್ಲಿಸಲೇ?" ಅಂತ ಕೊಲ್ಲುವ ಮೊದಲು ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?