ಕಾರ್ಡ್ ಬಂದರೆ ಸಾಕೇ? ಎರಡನೇ ಧ್ವನಿಯ ಪರವಾಗಿ ಒಂದು ಜಗಳ



“ಕೀಬೋರ್ಡಿನಲ್ಲಿ ಕಾರ್ಡ್ ಬರುತ್ತದಲ್ಲ, ಮತ್ತೆ ಕೌಂಟರ್‌ಪಾಯಿಂಟ್ ಯಾಕೆ? ಮುನ್ನೂರು ವರ್ಷ ಹಳೆಯ ನಿಯಮ ನಮಗೆ ಬೇಡ.” ಗಾಯನ ವೃಂದಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಈ ಮಾತು ತಪ್ಪು, ಮತ್ತು ಇದರ ಬೆಲೆ ತೆರುತ್ತಿರುವವರು ನಮ್ಮ ಆಲ್ಟೊ ಹಾಡುವವರು. ಅವರಿಗೆ ನಾವು ಕೊಡುವುದು ರಾಗವಲ್ಲ, ಕಾರ್ಡಿನಲ್ಲಿ ಉಳಿದ ಸ್ವರ. ಎರಡು ಸಾಲು ಹಾಡುವಷ್ಟರಲ್ಲಿ ಅವರು ಸೊಪ್ರಾನೊ ಕಡೆಗೆ ಜಾರುತ್ತಾರೆ. ಆಮೇಲೆ “ಇವರಿಗೆ ಕಿವಿ ಇಲ್ಲ” ಎನ್ನುತ್ತೇವೆ!

ವಿಯೆನ್ನಾದ ಯೋಹಾನ್ ಯೋಸೆಫ್ ಫುಕ್ಸ್ 1725ರಲ್ಲಿ ‘ಗ್ರಾಡುಸ್ ಆಡ್ ಪಾರ್ನಾಸುಮ್’ ಎಂಬ ಪುಸ್ತಕ ಪ್ರಕಟಿಸಿದರು. ಅದರ ಮೊದಲ ಹಂತದ ಅಭ್ಯಾಸವೇ ಫಸ್ಟ್ ಸ್ಪೀಷೀಸ್. ಕೊಟ್ಟ ರಾಗದ ಒಂದೊಂದು ಸ್ವರಕ್ಕೆ ಎದುರಾಗಿ ಒಂದೇ ಒಂದು ಸ್ವರ ಬರೆಯಬೇಕು. ಎರಡೂ ಕೂಡಿದಾಗ ಮೂರು, ಐದು, ಆರು ಅಥವಾ ಎಂಟನೇ ಅಂತರ ಮಾತ್ರ ಬರಬೇಕು. ಅಂತರ ಎಣಿಸುವಾಗ ಎರಡು ತುದಿಯನ್ನೂ ಸೇರಿಸಬೇಕು: ದೊ–ಮಿ ಮೂರು, ದೊ–ಸೊ ಐದು. ಆರಂಭ ಐದು ಅಥವಾ ಎಂಟರಲ್ಲಿ, ಮುಕ್ತಾಯ ಎಂಟರಲ್ಲಿ. ಮೂರು ಅಥವಾ ಆರರ ಅಂತರ ಸಾಲಾಗಿ ಮೂರು ಸಲಕ್ಕಿಂತ ಹೆಚ್ಚು ಬೇಡ. ಎರಡು ಐದು ಅಥವಾ ಎರಡು ಎಂಟು ಒಂದರ ಹಿಂದೊಂದು ಸಾಗಬಾರದು. ಎರಡೂ ಧ್ವನಿಗಳು ಒಂದೇ ದಿಕ್ಕಿನಲ್ಲಿ ನಡೆದು ಐದಕ್ಕೋ ಎಂಟಕ್ಕೋ ಬಂದು ಸೇರಲೂಬಾರದು.

ಈ ಐದು–ಎಂಟರ ಮೇಲೆ ಅಷ್ಟೇಕೆ ಕೋಪ? ಅವು ಅಪಸ್ವರವೆಂದಲ್ಲ, ಅತಿಯಾಗಿ ಹೊಂದುತ್ತವೆ ಎಂದು. ಐದನೇ ಅಂತರದಲ್ಲಿ ಕಂಪನಗಳ ಅನುಪಾತ 2:3, ಎಂಟರಲ್ಲಿ 1:2. ಮೇಲಿನ ಧ್ವನಿಯ ಉಪಸ್ವರಗಳಲ್ಲಿ ಹಲವು ಕೆಳಗಿನದರ ಉಪಸ್ವರಗಳ ಮೇಲೆಯೇ ಕೂರುತ್ತವೆ. ಹಾಗೇ ಜೊತೆಯಾಗಿ ಚಲಿಸಿದರೆ ಕಿವಿ ಎರಡನ್ನೂ ಒಂದೇ ಧ್ವನಿಯೆಂದು ತಿಳಿಯುತ್ತದೆ. ಎರಡನೇ ಧ್ವನಿ ಇದ್ದೂ ಇಲ್ಲದಂತೆ.

ಈಗ ಒಂದು ಪುಟ್ಟ ರಾಗ ತೆಗೆದುಕೊಳ್ಳೋಣ:

ದೊ – ಮಿ – ರೆ – ಫ – ಮಿ – ರೆ – ದೊ

ಇದರ ಮೇಲೆ ಇನ್ನೊಂದು ಧ್ವನಿ ಬೇಕು. ಮೊದಲ ದೊ ಮೇಲೆ ಸೊ ಇಡೋಣ, ಐದನೇ ಅಂತರ. ಎರಡನೆಯದಕ್ಕೆ? ಕೀಬೋರ್ಡಿನಲ್ಲಿ ಕೈಯನ್ನು ಹಾಗೇ ಮೇಲಕ್ಕೆ ಸರಿಸಿದರೆ ಮಿ ಮೇಲೆ ತಿ ಬರುತ್ತದೆ. ಮತ್ತೆ ಐದು, ಧ್ವನಿ ಕರಗಿತು. ಮೇಲಿನ ದೊ ಇಟ್ಟರೆ? ಆರನೇ ಅಂತರ, ಆ ಜಾಗದಲ್ಲಿ ತಪ್ಪೇನಿಲ್ಲ. ಆದರೆ ಮೂರನೆಯ ಸ್ವರಕ್ಕೆ ಲ ಬೇಕೆಂದರೆ ದೊ ಕೆಳಗಿಳಿದು ಲ ಆಗಬೇಕು, ಕೆಳಗಿನ ಮಿ ಕೂಡ ಇಳಿದು ರೆ ಆಗುತ್ತದೆ. ಇಬ್ಬರೂ ಒಟ್ಟಿಗೆ ಇಳಿದು ಐದಕ್ಕೆ ಸೇರುತ್ತಾರೆ. ಆ ಬಾಗಿಲು ಮುಚ್ಚಿತು. ಸೊ ಸ್ವರದಲ್ಲೇ ನಿಂತರೆ ಮೂರನೇ ಅಂತರ. ಅಲ್ಲಿಂದ ಕೆಳಗಿನವರು ಇಳಿಯುವಾಗ ನಾವು ಲ ಗೆ ಏರಬಹುದು. ಅದೂ ಐದೇ, ಆದರೆ ಎದುರು ದಿಕ್ಕಿನಿಂದ ಬಂದದ್ದರಿಂದ ಎರಡು ಧ್ವನಿಯೂ ಕೇಳುತ್ತವೆ. ಮುಂದೆ ಫ ಮೇಲೆ ರೆ, ಮತ್ತೆ ಹೆಜ್ಜೆಹೆಜ್ಜೆಯಾಗಿ ದೊ, ತಿ. ಕೊನೆಗೆ ತಿ ಮೇಲಕ್ಕೆ, ಕೆಳಗಿನ ರೆ ಕೆಳಕ್ಕೆ, ಎರಡೂ ದೊ:

ಸೊ – ಸೊ – ಲ – ಮೇಲಿನ ರೆ – ಮೇಲಿನ ದೊ – ತಿ – ಮೇಲಿನ ದೊ

ಅಂತರಗಳು 5, 3, 5, 6, 6, 6, 8. ಈ ಸಾಲನ್ನು ಒಂದನ್ನೇ ಹಾಡಿ ನೋಡಿ. ಒಂದೇ ಒಂದು ದೊಡ್ಡ ಜಿಗಿತ, ಒಂದೇ ಶಿಖರ, ಜಿಗಿದ ಮೇಲೆ ಮೆಟ್ಟಿಲಿಳಿದು ವಾಪಸ್ಸು. ಇದು ಉಳಿದ ಸ್ವರವಲ್ಲ, ರಾಗ. ಇಂಥದ್ದು ಕೊಟ್ಟರೆ ಆಲ್ಟೊ ಜಾರುವುದು ಕಷ್ಟ.

ಕಾರ್ಡ್ ಪುಸ್ತಕ ಕಲಿಸದ್ದು ಇದನ್ನೇ. ‘ಈಗ ಯಾವ ಸ್ವರ ಹೊಂದುತ್ತದೆ’ ಎಂದು ಅದು ಹೇಳುತ್ತದೆ. ‘ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀಯ’ ಎಂದು ಈ ಅಭ್ಯಾಸ ಕೇಳುತ್ತದೆ. ವಾಯ್ಸ್ ಲೀಡಿಂಗ್ ಎಂದರೆ ಆ ಪ್ರಶ್ನೆಯೇ. ತಾಳ, ಪದ, ಅಪಸ್ವರ ಎಲ್ಲವನ್ನೂ ತೆಗೆದಿಟ್ಟದ್ದರಿಂದ ತಪ್ಪು ಅಡಗಲು ಜಾಗವೇ ಇಲ್ಲ.

“ರಾಕ್ ಗಿಟಾರಿನಲ್ಲಿ ಬರೀ ಸಾಲು ಐದುಗಳೇ ಅಲ್ಲವೇ?” ಎನ್ನುವವರಿಗೆ: ಹೌದು, ಒಂಬತ್ತನೇ ಶತಮಾನದ ಚರ್ಚ್ ಗಾಯನದಲ್ಲೂ ಇದ್ದವು. ಅಲ್ಲಿ ಬೇಕಾದದ್ದು ಒಂದೇ ರಾಗ ದಪ್ಪಗೆ ಕೇಳುವುದು. ಅದು ಬೇಕಾದಾಗ ಧಾರಾಳವಾಗಿ ಬಳಸಿ. ಫುಕ್ಸ್ ನಿಯಮ ಎಲ್ಲ ಸಂಗೀತಕ್ಕೂ ಕಾನೂನಲ್ಲ. ಎರಡು ಧ್ವನಿ ಎರಡಾಗಿಯೇ ಉಳಿಯಬೇಕೆಂದಾಗ ಮಾತ್ರ ಅದರ ಕೆಲಸ. “ನಿಯಮ ಪ್ರತಿಭೆಯನ್ನು ಕೊಲ್ಲುತ್ತದೆ” ಎನ್ನುವವರಿಗೆ: ಹೈಡನ್ ಈ ಪುಸ್ತಕದಿಂದಲೇ ಸ್ವಂತವಾಗಿ ಕಲಿತರು, ಆಮೇಲೆ ಬೀಥೋವನ್‌ಗೂ ಇದೇ ಬಗೆಯ ಅಭ್ಯಾಸ ಕೊಟ್ಟರು. ಇಬ್ಬರಲ್ಲಿ ಯಾರ ಪ್ರತಿಭೆ ಸತ್ತಿತು?

ಆದ್ದರಿಂದ ಕನ್ನಡ, ಕೊಂಕಣಿ, ಮಲಯಾಳಂ, ಯಾವ ಭಾಷೆಯ ಗೀತೆಯಾದರೂ ಸರಿ, ಆಲ್ಟೊ ಸಾಲು ಬರೆದವರು ಮೊದಲು ಅದೊಂದನ್ನೇ ಹಾಡಿ ತೋರಿಸಲಿ. ಅವರಿಗೇ ಹಾಡಲು ಬೇಸರವಾದರೆ, ದಯವಿಟ್ಟು ಇನ್ನೊಬ್ಬರ ಕಿವಿಯನ್ನು ದೂರಬೇಡಿ.