ಬ್ಯಾಟರಿ ಬದಲಿಸೋ ಮೊದಲು ಕರೆಂಟ್ ಅಳೀರಿ

ಬೈಕ್ ಸ್ಟಾರ್ಟ್ ಆಗಲಿಲ್ಲ ಅಂದ್ರೆ ನಮ್ಮ ಕಡೆ ಮೊದಲು ಬೈಸಿಕೊಳ್ಳೋದು ಬ್ಯಾಟರಿ. "ಬ್ಯಾಟರಿ ಹೋಗ್ಯಾದ, ಹೊಸಾದು ಹಾಕ್ಸು" ಅಂತಾರೆ, ನಾವೂ ಹಾಕಿಸ್ತೀವಿ. ಹಾಗೆ ಹಾಕಿಸೋದು ತಪ್ಪು ಅಂತ ನಾವು ಹೇಳೋದಕ್ಕೆ ಕಾರಣ ಕನಮಡಿಯ ಒಂದು ಬೈಕು.

ಬೈಕು ನಮ್ಮ ಗೆಳೆಯನದು. ಅವನು ವಿಜಯಪುರದಲ್ಲಿ ಹಾಸ್ಟೆಲ್‌ನಲ್ಲಿ ಇರ್ತಾನೆ. ಸೋಮವಾರ ಬೆಳಿಗ್ಗೆ ಊರು ಬಿಟ್ಟರೆ ಶನಿವಾರ ಸಂಜೆ ಹೋಗೋದು, ಅಲ್ಲಿವರೆಗೆ ಬೈಕು ಮನೆ ಮುಂದೆ ನಿಂತಿರುತ್ತದೆ. ಶನಿವಾರ ಬಟನ್ ಒತ್ತಿದರೆ ಬರೀ ಟಕ್ ಟಕ್. ಫ್ಯುಯೆಲ್ ಇಂಜೆಕ್ಷನ್ ಗಾಡಿ, ಕಿಕ್ ಇಲ್ಲ. ವರ್ಷದೊಳಗೆ ಎರಡು ಬ್ಯಾಟರಿ ಆಗಿತ್ತು. ಮೂರನೇದಕ್ಕೆ ಅವರ ಕಾಕಾ ದುಡ್ಡು ತೆಗೆದಿದ್ದರು. "ಕಾಕಾ, ಒಂದ್ ತಾಸು ತಡೀರಿ, ನೋಡ್ತೀವಿ" ಅಂದ್ವಿ. ನಾವು ಮೂರು ಜನ, ಕೈಯಲ್ಲಿ ಒಂದು ಅಗ್ಗದ ಮಲ್ಟಿಮೀಟರ್.

ಬ್ಯಾಟರಿ ವೋಲ್ಟೇಜ್ 11.9 ಇತ್ತು. ತುಂಬಿದ್ದರೆ 12.6ಕ್ಕಿಂತ ಮೇಲೆ ಇರಬೇಕು. ಆದರೆ ಇಷ್ಟರಿಂದ ಬ್ಯಾಟರಿ ಕೆಟ್ಟಿದೆ ಅಂತ ಹೇಳೋಕಾಗಲ್ಲ, ಖಾಲಿ ಆಗಿದೆ ಅಂತಷ್ಟೇ ಹೇಳಬಹುದು. ಕೊಡ ಖಾಲಿ ಆಗೋದಕ್ಕೂ ಒಡೆಯೋದಕ್ಕೂ ವ್ಯತ್ಯಾಸ ಇದೆಯಲ್ಲ! ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿದ್ವಿ. ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 10.4ಕ್ಕಿಂತ ಕೆಳಗೆ ಇಳಿಯಲಿಲ್ಲ. 9.5ಕ್ಕಿಂತ ಕೆಳಗೆ ಕುಸಿದಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದಿತ್ತು.

ಮುಂದಿನದು ಚಾರ್ಜಿಂಗ್. ಇಂಜಿನ್ ಶುರು ಮಾಡಿ, ಹೆಡ್‌ಲೈಟ್ ಉರೀತಿರುವಾಗಲೇ ಎಕ್ಸಲರೇಟರ್ ಕೊಟ್ಟು ನಾಲ್ಕೈದು ಸಾವಿರ ಆರ್‌ಪಿಎಂನಲ್ಲಿ ಅಳೆದ್ವಿ: 14.2. ಇದು 13ರ ಹತ್ತಿರವೇ ನಿಂತರೆ ಸ್ಟೇಟರ್ ಕಾಯಿಲ್, ಅದರ ವೈರಿಂಗ್ ಅಥವಾ ರೆಗ್ಯುಲೇಟರ್ ರೆಕ್ಟಿಫೈಯರ್ ನೋಡಬೇಕು. 15 ದಾಟಿದರೆ ರೆಗ್ಯುಲೇಟರ್ ತಡೀತಿಲ್ಲ, ಬ್ಯಾಟರಿ ಬೆಂದು ಹೋಗುತ್ತದೆ. ನಮ್ಮದು ಸರಿಯಾಗೇ ಇತ್ತು. ಹೆಚ್ಚಿನವರು ಎಡವೋದು ಇಲ್ಲೇ. "ಚಾರ್ಜಿಂಗ್ ಸರಿ ಅದ, ಅಂದ್ರ ಬ್ಯಾಟರೀನೇ ಕೆಟ್ಟದ್ದು" ಅಂತ ತೀರ್ಪು ಕೊಟ್ಟುಬಿಡ್ತಾರೆ. ಗಾಡಿ ಓಡುವಾಗ ಎಷ್ಟು ತುಂಬುತ್ತೆ ಅಂತ ನೋಡಿದ್ದಾಯ್ತು, ನಿಂತಾಗ ಎಷ್ಟು ಸೋರುತ್ತೆ ಅಂತ ಯಾರೂ ನೋಡಲ್ಲ.

ಅದನ್ನು ನೋಡೋಕೆ ಅಮ್ಮೀಟರ್ ಸೀರೀಸ್‌ನಲ್ಲಿ ಬರಬೇಕು. ಮೊದಲ ವರ್ಷದ ಲ್ಯಾಬಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡಿದ್ದೀವಿ, ಗಾಡಿಗೆ ಹಚ್ಚಿದ್ದು ಇದೇ ಮೊದಲು. ಕೀ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ಅದರ ತುದಿಯನ್ನು ಬಿಚ್ಚಿದ ವೈರಿಗೂ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯಬೇಕು. ರೀಡಿಂಗ್ ತೀರಾ ಸಣ್ಣದು ಅಂತ ಖಾತ್ರಿ ಆದಮೇಲೇ ಮಿಲಿಆಂಪ್‌ಗೆ ಬದಲಿಸಬೇಕು. ನಾವು ಅವಸರ ಮಾಡಿ ನೇರ ಮಿಲಿಆಂಪ್‌ನಲ್ಲಿ ಇಟ್ವಿ, ಒಬ್ಬ ಕೀ ತಿರುಗಿಸಿದ, ಮೀಟರಿನ ಫ್ಯೂಸ್ ಹೋಯ್ತು! ಸೆಲ್ಫ್ ಬಟನ್ ಅಂತೂ ಆಗ ಮುಟ್ಟಲೇಬಾರದು, ಅದು ಹತ್ತಾರು ಆಂಪ್ ಎಳೆಯುತ್ತದೆ.

ಫ್ಯೂಸ್ ಬದಲಿಸಿ ಮತ್ತೆ ನೋಡಿದರೆ, ಕೀ ಆಫ್ ಇದ್ದರೂ 26 ಮಿಲಿಆಂಪ್ ಹರೀತಿತ್ತು. ಈಗ ಲೆಕ್ಕ ಹಾಕಿ. ಸೋಮವಾರ ಬೆಳಿಗ್ಗೆಯಿಂದ ಶನಿವಾರ ಸಂಜೆವರೆಗೆ ಸುಮಾರು 132 ಗಂಟೆ. 26ರಿಂದ ಗುಣಿಸಿದರೆ ಹತ್ತಿರಹತ್ತಿರ 3.4 ಆಂಪ್‌ಅವರ್. ಬ್ಯಾಟರಿ ಇರೋದೇ 5 ಆಂಪ್‌ಅವರ್. ಪ್ರತಿ ವಾರ ಮೂರರಲ್ಲಿ ಎರಡು ಪಾಲು ಖಾಲಿ. ಲೆಡ್ ಆಸಿಡ್ ಬ್ಯಾಟರಿ ಹೀಗೆ ಖಾಲಿಯಾಗಿ ನಿಂತರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಹೊಸದೂ ಬೇಗ ಸಾಯುತ್ತದೆ. ಹಳೆಯ ಎರಡು ಬ್ಯಾಟರಿ ಹೋಗಿದ್ದು ಬಹುಶಃ ಹೀಗೇ.

ಸೋರಿಕೆ ಎಲ್ಲಿ? ಮೀಟರ್ ಹಿಡಿದುಕೊಂಡೇ ಒಂದೊಂದೇ ಕನೆಕ್ಟರ್ ಬಿಚ್ಚುತ್ತ ಹೋದ್ವಿ. ಮೊದಲು ರೆಕ್ಟಿಫೈಯರ್. ಬಹಳ ಬೈಕುಗಳಲ್ಲಿ ಅದು ಕೀ ಆಫ್ ಆದರೂ ಬ್ಯಾಟರಿಗೆ ಅಂಟಿಕೊಂಡೇ ಇರುತ್ತದೆ. ಒಳಗಿನ ಡಯೋಡ್ ಕೆಟ್ಟರೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ, ಆದರೂ ಕೆಲವೊಮ್ಮೆ ಚಾರ್ಜಿಂಗ್ ಸರಿಯಾಗೇ ಕಾಣುತ್ತದೆ. ಬಿಚ್ಚಿದ್ವಿ, 26 ಹಾಗೇ ಇತ್ತು. ಅದು ನಿರಪರಾಧಿ. ಆಮೇಲೆ ಹ್ಯಾಂಡಲ್ ಮೇಲಿನ ಮೊಬೈಲ್ ಚಾರ್ಜರ್ ವೈರ್ ಬಿಚ್ಚಿದ್ವಿ. ತಕ್ಷಣ 1 ಮಿಲಿಆಂಪ್! ಉಳಿದ ಆ ಒಂದು ಗಾಡಿಯ ಇಸಿಯು, ಮೀಟರ್ ಬೋರ್ಡಿನದು. ಅದು ಸಹಜ.

ಫೋನ್ ಹಾಕದಿದ್ದರೂ ಚಾರ್ಜರ್ ಒಳಗಿನ ಸರ್ಕ್ಯೂಟ್, ಅದರ ಪುಟ್ಟ ಎಲ್‌ಇಡಿ ಹಗಲುರಾತ್ರಿ ಕರೆಂಟ್ ಕುಡೀತಿದ್ದವು. ಯಾಕಂದ್ರೆ ಹಾಕಿದವರು ವೈರನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರು. ಅದು ಸುಲಭದ ಕೆಲಸ, ಐದು ನಿಮಿಷದಲ್ಲಿ ಮುಗಿಯುತ್ತೆ. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರ್ ಹುಡುಕೋಕೆ ಇನ್ನು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಉಳಿಸಿದ್ದಕ್ಕೆ ದಂಡ ಕಟ್ಟಿದ್ದು ಕಾಕಾ. ಅದಕ್ಕೇ ನಾವು ಹೇಳೋದು: ಚಾರ್ಜರ್, ಅಲಾರ್ಮ್, ಜಿಪಿಎಸ್, ಏನೇ ಹಾಕಿಸಿದರೂ ಹಾಕಿದವರ ಮುಂದೆಯೇ ಕೀ ಆಫ್ ಮಾಡಿ ಕರೆಂಟ್ ಅಳೆದು ಆಮೇಲೆ ದುಡ್ಡು ಕೊಡಿ. ಅಲಾರ್ಮ್, ಜಿಪಿಎಸ್ ಕೀ ಆಫ್ ಆದರೂ ಓಡಲೇಬೇಕು, ನಿಜ. ಹಾಗಿದ್ದರೆ ಗಾಡಿ ಎಷ್ಟು ದಿನ ನಿಲ್ಲಬಹುದು ಅಂತ ಮೇಲಿನ ಗುಣಾಕಾರ ಮಾಡಿ ನೋಡಿ.

ನಾವು ಚಾರ್ಜರನ್ನು ಕೀ ಆನ್ ವೈರಿಗೆ, ನಡುವೆ ಸಣ್ಣ ಫ್ಯೂಸ್ ಇಟ್ಟು ಜೋಡಿಸಿದ್ವಿ. ಮುಂದಿನ ಶನಿವಾರ ಬ್ಯಾಟರಿ 12.6 ತೋರಿಸಿತು, ಒಂದೇ ಸಲಕ್ಕೆ ಸ್ಟಾರ್ಟ್. ಮೂರನೇ ಬ್ಯಾಟರಿಯ ದುಡ್ಡು ಕಾಕಾನ ಕಿಸೆಯಲ್ಲೇ ಉಳೀತು.