ಕ್ರಮ ಸಂಖ್ಯೆಯನ್ನು ನಂಬಬೇಡಿ

ಎಕ್ಸೆಲ್ ಕಲಿಸುವವರು ಮೊದಲ ದಿನವೇ ಮೊದಲ ಕಾಲಮ್ಮಿಗೆ ‘ಕ್ರ.ಸಂ.’ ಎಂದು ಬರೆಸಿ, 1, 2, 3 ಎಂದು ಕೆಳಗಿನವರೆಗೆ ಎಳೆಸುತ್ತಾರೆ. ಕಾಗದದ ರಿಜಿಸ್ಟರಿನಲ್ಲಿ ಈ ರೂಢಿ ಸರಿಯಾಗಿಯೇ ಇತ್ತು. ಅಲ್ಲಿ ಒಮ್ಮೆ ಬರೆದ ಸಾಲು ಜಾಗ ಬಿಟ್ಟು ಕದಲುವುದಿಲ್ಲ. ಶೀಟಿನಲ್ಲಾದರೆ ಒಂದು ಕ್ಲಿಕ್ಕಿಗೆ ಎಲ್ಲ ಸಾಲುಗಳೂ ಜಾಗ ಬದಲಿಸುತ್ತವೆ. ಹಾಗಾಗಿ, ಹಿರಿಯರ ರೂಢಿಯ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಹೊಸಬರು ಮೊದಲು ಕಲಿಯಬೇಕಾದದ್ದು ಕ್ರಮ ಸಂಖ್ಯೆಯನ್ನಲ್ಲ, ಗುರುತಿನ ಸಂಖ್ಯೆಯನ್ನು.

ಬಡಾವಣೆಯ ಒಂದು ಸಣ್ಣ ಗ್ರಂಥಾಲಯವನ್ನು ತೆಗೆದುಕೊಳ್ಳೋಣ. ಪುಸ್ತಕಗಳಿಗೆ Books ಎಂಬ ಶೀಟು. ಇಲ್ಲಿ ಒಂದು ಸಾಲೆಂದರೆ ಕಪಾಟಿನಲ್ಲಿರುವ ಒಂದು ಪ್ರತಿ. ಕಾರಂತರ ‘ಮೂಕಜ್ಜಿಯ ಕನಸುಗಳು’ ಎರಡು ಪ್ರತಿಗಳಿದ್ದರೆ ಎರಡು ಸಾಲು ಬೇಕು, ಏಕೆಂದರೆ ಒಂದನ್ನು ಒಬ್ಬರು ಒಯ್ದಾಗ ಇನ್ನೊಂದು ಕಪಾಟಿನಲ್ಲೇ ಇರುತ್ತದೆ. ಕಾಲಮ್ಮೆಂದರೆ ಆ ಪ್ರತಿಯ ಬಗ್ಗೆ ಒಂದೇ ಒಂದು ಸಂಗತಿ: ಸಂಖ್ಯೆ, ಹೆಸರು, ಲೇಖಕ. ‘ಕಾರಂತ, 2 ಪ್ರತಿ, ಒಂದು ಹರಿದಿದೆ’ ಎಂದು ಒಂದೇ ಖಾನೆಯಲ್ಲಿ ತುಂಬಿದರೆ ಮನುಷ್ಯರು ಓದಿಕೊಳ್ಳಬಹುದು, ಆದರೆ ಶೀಟಿಗೆ ಅದನ್ನು ಬಿಡಿಸಿ ಲೆಕ್ಕ ಹಾಕಲು ಬರುವುದಿಲ್ಲ.

ಯಾರು ಯಾವ ಪುಸ್ತಕ ಒಯ್ದರು ಎಂಬುದಕ್ಕೆ Loans ಎಂಬ ಇನ್ನೊಂದು ಶೀಟು. ಅನೇಕರು ಇದನ್ನೂ Booksನಲ್ಲೇ ಸೇರಿಸಿ, ‘ಓದುಗ 1’, ‘ಓದುಗ 2’ ಎಂದು ಬಲಕ್ಕೆ ಕಾಲಂ ಬೆಳೆಸುತ್ತಾ ಹೋಗುತ್ತಾರೆ. ಹತ್ತನೆಯ ಓದುಗ ಬರುವ ಹೊತ್ತಿಗೆ ಯಾವ ದಿನಾಂಕ ಯಾರದೆಂದು ತಿಳಿಯದು. ಒಂದು ಎರವಲಿಗೆ ಒಂದು ಸಾಲು ಎಂದಿಟ್ಟುಕೊಂಡರೆ ಶೀಟು ಕೆಳಕ್ಕೆ ಮಾತ್ರ ಬೆಳೆಯುತ್ತದೆ. ಅದರಲ್ಲಿ ಪುಸ್ತಕದ ಹೆಸರು ಬರೆಯಬೇಕಿಲ್ಲ, ಸಂಖ್ಯೆ ಸಾಕು.

ತೊಂದರೆ ಶುರುವಾಗುವುದು ಆ ಸಂಖ್ಯೆಯ ಜಾಗದಲ್ಲಿ ಕ್ರಮ ಸಂಖ್ಯೆ ಬರೆದಾಗ. ‘ಮೂಕಜ್ಜಿಯ ಕನಸುಗಳು’ 41ನೆಯ ಸಾಲಿನಲ್ಲಿತ್ತೆಂದು Loansನಲ್ಲಿ 41 ಎಂದು ಬರೆದಿರಿ. ಮುಂದಿನ ವಾರ ಯಾರೋ ಪುಸ್ತಕಗಳನ್ನು ಅಕಾರಾದಿಯಾಗಿ ಸಾರ್ಟ್ ಮಾಡುತ್ತಾರೆ. ಕ್ರ.ಸಂ. ಕಾಲಂ ಹಿಂದುಮುಂದಾಗಿ ಕಾಣುತ್ತದೆಂದು ಮತ್ತೆ 1ರಿಂದ ಎಳೆಯುತ್ತಾರೆ. ಈಗ 41 ಎಂದರೆ ಭೈರಪ್ಪನವರ ‘ಪರ್ವ’. Loans ಮಾತ್ರ ಹಳೆಯ 41ನ್ನೇ ಹಿಡಿದು ಕುಳಿತಿದೆ. ಕೆಂಪು ಗುರುತಿಲ್ಲ, ಎಚ್ಚರಿಕೆಯೂ ಇಲ್ಲ. ಒಯ್ಯದ ಪುಸ್ತಕವನ್ನು ಹಿಂದಿರುಗಿಸಿ ಎಂದು ಓದುಗರಿಗೆ ಫೋನು ಹೋದಾಗಲೇ ಇದು ಬಯಲಾಗುವುದು.

ಗ್ರಂಥಪಾಲಕರು ಕಂಪ್ಯೂಟರಿಗೂ ಮೊದಲೇ ಇದನ್ನು ಬಗೆಹರಿಸಿಕೊಂಡಿದ್ದರು. ಒಳಗೆ ಬಂದ ಪ್ರತಿಯೊಂದು ಪ್ರತಿಗೂ ಆಕ್ಸೆಷನ್ ನಂಬರ್ ಕೊಟ್ಟು, ಅದನ್ನು ಪುಸ್ತಕದ ಮೇಲೆಯೇ ಬರೆಯುತ್ತಾರೆ. ಪುಸ್ತಕ ಕಳೆದುಹೋದರೂ ಆ ನಂಬರನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಎರಡು ಪ್ರತಿಗಳಿಗೆ ಒಂದೇ ಐಎಸ್‌ಬಿಎನ್ ಇರುವುದರಿಂದ ಅದು ಈ ಕೆಲಸಕ್ಕೆ ಸಾಲದು. ನಮ್ಮ ಶೀಟಿನಲ್ಲಿ B0041, B0042 ಎಂದು ಕೊಡೋಣ. ಮುಂದಿರುವ ಅಕ್ಷರಕ್ಕೂ ಕಾರಣವಿದೆ: ಬರೀ 0041 ಎಂದು ಟೈಪ್ ಮಾಡಿದರೆ ಎಕ್ಸೆಲ್ ಸೊನ್ನೆಗಳನ್ನು ನುಂಗಿ 41 ಮಾಡುತ್ತದೆ. ವಿಭಾಗ, ಕಪಾಟು ಎಲ್ಲವನ್ನೂ ಸಂಖ್ಯೆಯೊಳಗೆ ತುರುಕುವವರಿದ್ದಾರೆ. ಕಪಾಟು ಬದಲಾದ ದಿನ ಆ ಸಂಖ್ಯೆ ಸುಳ್ಳಾಗುತ್ತದೆ. ಅಂಥ ವಿವರಗಳಿಗೆ ಬೇರೆ ಕಾಲಂ ಇರಲಿ.

ಇನ್ನು Loansನ B ಕಾಲಮ್ಮಿನಲ್ಲಿ B0041 ಎಂದಿದ್ದರೆ, ಪಕ್ಕದ ಖಾನೆಗೆ ಹೆಸರು ತಾನಾಗಿ ಬರುತ್ತದೆ:

```
=VLOOKUP(B2,Books!A:C,2,FALSE)
```

Booksನ ಮೊದಲ ಕಾಲಮ್ಮಿನಲ್ಲಿ ಈ ಸಂಖ್ಯೆ ಹುಡುಕಿ, ಅದೇ ಸಾಲಿನ ಎರಡನೆಯ ಕಾಲಮ್ಮಿನಲ್ಲಿರುವುದನ್ನು ತಂದುಕೊಡು ಎಂದು ಇದರ ಅರ್ಥ. ಕೊನೆಯ FALSE ಬಿಡಬೇಡಿ. ಬಿಟ್ಟರೆ, ಸಂಖ್ಯೆ ಸಿಗದಿದ್ದಾಗ ಹತ್ತಿರದ ಇನ್ನಾವುದೋ ಸಾಲಿನ ಹೆಸರು ಬಂದು ಕೂರಬಹುದು. Booksನಲ್ಲಿ ಹೆಸರಿನ ಕಾಗುಣಿತ ಒಮ್ಮೆ ತಿದ್ದಿದರೆ ಎಲ್ಲ ಎರವಲುಗಳಲ್ಲೂ ತಿದ್ದಿದಂತಾಗುತ್ತದೆ. ಡೇಟಾಬೇಸಿನ ಕೆಲಸವೂ ಮೂಲತಃ ಇದೇ.

ಎಕ್ಸೆಲ್ ಡೇಟಾಬೇಸ್ ಅಲ್ಲ ಎನ್ನುವ ತಜ್ಞರ ಮಾತಿನಲ್ಲಿ ಒಂದು ಅಂಶ ನಿಜ. ಡೇಟಾಬೇಸಿನಲ್ಲಿ ಗುರುತಿನ ಸಂಖ್ಯೆಯೆಂದು ಒಮ್ಮೆ ನಿಗದಿ ಮಾಡಿದರೆ, ಅದೇ ಸಂಖ್ಯೆಯನ್ನು ಎರಡನೆಯ ಸಲ ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಶೀಟು ಬಿಟ್ಟುಕೊಳ್ಳುತ್ತದೆ, ಹುಡುಕಿದಾಗ ಮೊದಲು ಸಿಕ್ಕ ಸಾಲನ್ನು ಮಾತ್ರ ತೋರಿಸುತ್ತದೆ. ಡೇಟಾ ವ್ಯಾಲಿಡೇಷನ್ ಹಾಕಿದರೂ ಅದು ಟೈಪ್ ಮಾಡುವವರನ್ನಷ್ಟೇ ತಡೆಯುತ್ತದೆ, ಪೇಸ್ಟ್ ಮಾಡುವವರನ್ನಲ್ಲ. ಹಾಗಾಗಿ Booksನ ಕೊನೆಯ ಕಾಲಮ್ಮಿನಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆದಿಡಿ:

```
=COUNTIF(A:A,A2)
```

1ಕ್ಕಿಂತ ಹೆಚ್ಚು ಬಂದ ಕಡೆ ಒಂದೇ ಸಂಖ್ಯೆ ಎರಡು ಸಲ ಸೇರಿದೆ ಎಂದರ್ಥ.

ನಿಮ್ಮಲ್ಲಿ ಈಗಾಗಲೇ ಇರುವ ಶೀಟಿನ ನಕಲೊಂದನ್ನು ತೆಗೆದು, ಕ್ರ.ಸಂ. ಕಾಲಂ ಅಳಿಸಿ, ಬೇರೆ ಯಾವುದಾದರೂ ಕಾಲಮ್ಮಿನ ಪ್ರಕಾರ ಸಾರ್ಟ್ ಮಾಡಿ. ಒಂದೊಂದು ಸಾಲೂ ಯಾವುದರದ್ದೆಂದು ಅನುಮಾನವಿಲ್ಲದೆ ಹೇಳಲು ಆಗದಿದ್ದರೆ, ಹೊಸ ಸೂತ್ರ ಕಲಿಯುವ ಮೊದಲು ಗುರುತಿನ ಸಂಖ್ಯೆಯ ಕಾಲಂ ಸೇರಿಸಿ.